ಸೊನ್ನೆ ಘಾತದ ಬೆಲೆ ಒಂದೇ ಏಕೆ?

2³ ಎಂದರೆ 2ನ್ನು ಮೂರು ಸಲ ಬರೆದು ಗುಣಿಸುವುದು ಎಂದು ಮಕ್ಕಳು ಮೊದಲೇ ಕಲಿತಿರುತ್ತಾರೆ. ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಯ ಮಕ್ಕಳನ್ನು 2⁰ ಎಷ್ಟು ಎಂದು ಕೇಳಿದಾಗ ಹೆಚ್ಚಿನವರು ಸೊನ್ನೆ ಎಂದರು. ಇದು ಅಜಾಗರೂಕತೆಯ ಉತ್ತರವಲ್ಲ. ‘2ನ್ನು ಸೊನ್ನೆ ಸಲ ಬರೆದರೆ’ ಹಾಳೆಯ ಮೇಲೆ ಏನೂ ಇರುವುದಿಲ್ಲ. ಏನೂ ಇಲ್ಲದ್ದನ್ನು ಅವರು ಸೊನ್ನೆ ಎಂದು ಓದುತ್ತಾರೆ.

ಇದನ್ನು ತಿದ್ದಲು ನಾವು ಸಾಮಾನ್ಯವಾಗಿ ಹೀಗೆ ಬರೆಯುತ್ತೇವೆ:

5³ ÷ 5³ = 5³⁻³ = 5⁰
5³ ÷ 5³ = 125 ÷ 125 = 1
ಆದ್ದರಿಂದ 5⁰ = 1

ಇಲ್ಲೊಂದು ಸೂಕ್ಷ್ಮವಿದೆ. aᵐ ÷ aⁿ = aᵐ⁻ⁿ ಎಂಬ ನಿಯಮವನ್ನು ಅಂಶ ಮತ್ತು ಛೇದದಲ್ಲಿರುವ ಸಮಾನ ಅಪವರ್ತನಗಳನ್ನು ಹೊಡೆದುಹಾಕಿ ತೋರಿಸುವಾಗ, m ಎಂಬುದು n ಗಿಂತ ದೊಡ್ಡದೆಂದು ಇಟ್ಟುಕೊಂಡಿರುತ್ತೇವೆ. ಎರಡೂ ಸಮವಾದಾಗಲೂ ಅದೇ ನಿಯಮ ನಡೆಯಲಿ ಎಂಬುದು ನಮ್ಮ ನಿರ್ಧಾರ. ಆ ನಿರ್ಧಾರ ಮಾಡಿದ ಮೇಲೆ 5⁰ಕ್ಕೆ 1 ಅಲ್ಲದೆ ಬೇರೆ ಬೆಲೆ ಕೊಡಲಾಗದು. ಅಂದರೆ a⁰ = 1 ಎಂಬುದು ಹಳೆಯ ಅರ್ಥದಿಂದ ಹುಟ್ಟಿದ ಫಲಿತಾಂಶವಲ್ಲ, ನಿಯಮ ಮುರಿಯದಂತೆ ಮಾಡಿಕೊಂಡ ವ್ಯಾಖ್ಯೆ.

ಇದನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡಲು ಕಪ್ಪು ಹಲಗೆಯ ಮೇಲೆ ಒಂದು ಏಣಿ ಬರೆದೆ:

2⁴ = 16
2³ = 8
2² = 4
2¹ = 2

ಒಂದು ಮೆಟ್ಟಿಲು ಇಳಿದಾಗ ಬೆಲೆ ಏನಾಗುತ್ತಿದೆ ಎಂದು ಕೇಳಿದರೆ, ಅರ್ಧವಾಗುತ್ತಿದೆ ಎನ್ನುತ್ತಾರೆ. ಹಾಗೆಯೇ ಇಳಿದರೆ 2⁰ = 1, 2⁻¹ = 1/2, 2⁻² = 1/4, 2⁻³ = 1/8. ಸೊನ್ನೆ ಎಲ್ಲೂ ಬರುವುದಿಲ್ಲ, ಋಣ ಸಂಖ್ಯೆಯೂ ಬರುವುದಿಲ್ಲ.

ಆದರೂ 2⁻³ = −8 ಎಂದು ಬರೆಯುವವರು ಇರುತ್ತಾರೆ. ಅವರಿಗೆ ‘ತಪ್ಪು’ ಎನ್ನುವ ಬದಲು ಗುಣಾಕಾರದ ನಿಯಮದಿಂದ ತಾಳೆ ನೋಡಲು ಹೇಳಬಹುದು. 2³ × 2⁻³ = 2³⁺⁽⁻³⁾ = 2⁰ = 1 ಆಗಬೇಕು. 8 × (−8) = −64, ಹೊಂದಲಿಲ್ಲ. 8 × 1/8 = 1, ಹೊಂದಿತು. ಘಾತಾಂಕದ ಋಣ ಚಿಹ್ನೆ ಹೇಳುವುದು ವ್ಯುತ್ಕ್ರಮವನ್ನು. ಅದು ಬೆಲೆಯನ್ನು ಋಣವಾಗಿಸುವುದಿಲ್ಲ. 2⁰ = 0 ಎಂದವರಿಗೂ ಇದೇ ತಾಳೆ ಸಾಕು: 2³ × 2⁰ = 2³ ಆಗಬೇಕು, ಆದರೆ 8 × 0 ಎಂಬುದು 8 ಆಗದು.

‘a ಸೊನ್ನೆಯಲ್ಲ’ ಎಂಬ ಷರತ್ತನ್ನು ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ. ಅದಕ್ಕೂ ಏಣಿಯೇ ಕಾರಣ ತೋರಿಸುತ್ತದೆ. 0³, 0², 0¹ ಎಲ್ಲವೂ 0. ಅಲ್ಲಿಂದ ಮುಂದಿನ ಮೆಟ್ಟಿಲಿಗೆ ಇಳಿಯಬೇಕಾದರೆ 0ಯಿಂದ ಭಾಗಿಸಬೇಕು, ಅದು ಸಾಧ್ಯವಿಲ್ಲ. ಹಾಗಾಗಿ ಸೊನ್ನೆಯ ಏಣಿ 0¹ರಲ್ಲೇ ನಿಲ್ಲುತ್ತದೆ. ನನ್ನ ಪಾಠ ಯೋಜನೆಯಲ್ಲಿ ಏಣಿ ಮೊದಲು, ತಾಳೆ ಆಮೇಲೆ, ಷರತ್ತು ಕೊನೆಗೆ. ಸೂತ್ರವನ್ನು ಹಲಗೆಯ ಮೇಲೆ ಬರೆದದ್ದು ಇವು ಮೂರೂ ಮುಗಿದ ಮೇಲೆ.