ಬೆರೆಸಿದಾಗ ಇಳಿಯುವ ಅಪಾಯ

ಹೂಡಿಕೆಯ ಲೆಕ್ಕದಲ್ಲಿ ಅಪಾಯವೆಂದರೆ ಗಳಿಕೆ ತನ್ನ ಸರಾಸರಿಯಿಂದ ಎಷ್ಟು ಮೇಲೆ ಕೆಳಗೆ ಹೊಯ್ದಾಡುತ್ತದೆ ಎಂಬುದು. ಇದರ ಅಳತೆಗೆ ಪ್ರಮಾಣಿತ ವಿಚಲನೆ ಎಂದು ಹೆಸರು. ಹೂಡಿಕೆಗಳ ಅಪಾಯವನ್ನು ಬಿಡಿಬಿಡಿಯಾಗಿ ಅಳೆದರೆ ಸಾಲದು, ಅವು ಒಟ್ಟಿಗೆ ಏರಿಳಿಯುತ್ತವೆಯೇ ಎಂಬುದನ್ನೂ ನೋಡಬೇಕು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರ ಪ್ರಬಂಧದಲ್ಲಿ ಗಣಿತದ ಮೂಲಕ ತೋರಿಸಿದರು. 1990ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ಒಂದು ಲೆಕ್ಕ ಮಾಡಿ ನೋಡಬಹುದು. ಷೇರು ನಿಧಿಯೊಂದರ ನಿರೀಕ್ಷಿತ ಗಳಿಕೆ ವರ್ಷಕ್ಕೆ ಶೇ 12, ಅಪಾಯ ಶೇ 20 ಎಂದಿರಲಿ. ಬಾಂಡ್ ನಿಧಿಯ ಗಳಿಕೆ ಶೇ 8, ಅಪಾಯ ಶೇ 10. ಒಂದರ ಏರಿಳಿತಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲ ಎಂದುಕೊಳ್ಳೋಣ. ಒಂದು ಲಕ್ಷ ರೂಪಾಯಿಯಲ್ಲಿ 20 ಸಾವಿರವನ್ನು ಷೇರಿಗೂ 80 ಸಾವಿರವನ್ನು ಬಾಂಡಿಗೂ ಹಾಕಿದರೆ ಸರಾಸರಿ ಗಳಿಕೆ ಶೇ 8.8 ಆಗುತ್ತದೆ. ಗಳಿಕೆಯನ್ನು ಪಾಲಿಗೆ ತಕ್ಕಂತೆ ಕೂಡಿದರಾಯಿತು. ಅಪಾಯವನ್ನು ಹಾಗೆ ಕೂಡಲಾಗದು. ಷೇರಿನ ಪಾಲಿಗೆ ಬರುವ ಅಪಾಯ 4, ಬಾಂಡಿನ ಪಾಲಿಗೆ 8. ಇವುಗಳ ವರ್ಗ 16 ಮತ್ತು 64, ಮೊತ್ತ 80. ಅದರ ವರ್ಗಮೂಲ ಸುಮಾರು 8.9. ಬರೀ ಬಾಂಡ್ ಇಟ್ಟುಕೊಂಡವನಿಗಿಂತ ಇಲ್ಲಿ ಗಳಿಕೆ ಹೆಚ್ಚು, ಅಪಾಯ ಕಡಿಮೆ. ಒಂದು ಕುಸಿದ ವರ್ಷ ಇನ್ನೊಂದೂ ಕುಸಿಯಲೇಬೇಕೆಂದಿಲ್ಲವಾದ್ದರಿಂದ ಏರಿಳಿತಗಳು ಅಷ್ಟಿಷ್ಟು ಪರಸ್ಪರ ಕಳೆದುಹೋಗುತ್ತವೆ. ಎರಡೂ ಸದಾ ಜೊತೆಯಾಗಿಯೇ ಏರಿಳಿಯುವಂತಿದ್ದರೆ ಅಪಾಯ 4 ಮತ್ತು 8 ಸೇರಿ ಪೂರ್ತಿ 12 ಆಗುತ್ತಿತ್ತು.

ಷೇರಿನ ಪಾಲನ್ನು ಶೇ 40ಕ್ಕೆ ಏರಿಸಿದರೆ ಅಪಾಯ ಶೇ 10, ಅಂದರೆ ಬರೀ ಬಾಂಡಿನಷ್ಟೇ. ಗಳಿಕೆ ಮಾತ್ರ ಶೇ 9.6. ಆದ್ದರಿಂದ ಬರೀ ಬಾಂಡ್ ಇಟ್ಟುಕೊಳ್ಳುವುದು ದಕ್ಷ ಆಯ್ಕೆಯಲ್ಲ. ಸಾಧ್ಯವಿರುವ ಎಲ್ಲ ಮಿಶ್ರಣಗಳನ್ನೂ ಅಪಾಯ ಅಡ್ಡಕ್ಕೆ, ಗಳಿಕೆ ಲಂಬಕ್ಕೆ ಬರುವಂತೆ ನಕ್ಷೆಯಲ್ಲಿ ಗುರುತಿಸಿದರೆ ಎಡಕ್ಕೆ ಉಬ್ಬಿದ ಬಾಗುರೇಖೆ ಮೂಡುತ್ತದೆ. ಅದರ ಎಡತುದಿ ಶೇ 20 ಷೇರಿನ ಮಿಶ್ರಣ. ಅಲ್ಲಿಂದ ಮೇಲಕ್ಕೆ ಸಾಗುವ ಭಾಗವೇ ದಕ್ಷತೆಯ ಗಡಿರೇಖೆ, ಅಂದರೆ ಎಫಿಶಿಯೆಂಟ್ ಫ್ರಾಂಟಿಯರ್. ಈ ರೇಖೆಯ ಮೇಲೆ ಹೆಚ್ಚು ಗಳಿಕೆ ಬೇಕೆಂದರೆ ಹೆಚ್ಚು ಅಪಾಯ ಹೊರಲೇಬೇಕು. ಎಷ್ಟು ಹೊರಬಹುದೆಂಬುದು ಹೂಡಿಕೆದಾರನಿಗೆ ಬಿಟ್ಟದ್ದು.

ಲೆಕ್ಕ ಸರಿಯಿದ್ದರೂ ಅದಕ್ಕೆ ಕೊಡುವ ಅಂಕಿಗಳು ಅಂದಾಜಿನವು. ನಿರೀಕ್ಷಿತ ಗಳಿಕೆಯನ್ನು ತುಸು ಹೆಚ್ಚು ಊಹಿಸಿದರೂ ಸೂತ್ರವು ಹಣದ ದೊಡ್ಡ ಪಾಲನ್ನು ಆ ಹೂಡಿಕೆಯತ್ತ ನೂಕಬಹುದು. ಸಂಬಂಧವೂ ಸ್ಥಿರವಲ್ಲ. 2008ರ ಬಿಕ್ಕಟ್ಟಿನಲ್ಲಿ ಜಗತ್ತಿನ ಷೇರುಪೇಟೆಗಳು ಒಟ್ಟೊಟ್ಟಿಗೇ ಕುಸಿದವು. ಅಪಾಯವನ್ನು ಇಳಿಸುವುದು ಹೂಡಿಕೆಗಳ ಎಣಿಕೆಯಲ್ಲ, ಅವುಗಳ ನಡೆಯಲ್ಲಿರುವ ವ್ಯತ್ಯಾಸ. ಒಂದೇ ಬಗೆಯ ಕಂಪನಿಗಳ ಷೇರುಗಳನ್ನೇ ಕೊಂಡ ಹತ್ತು ಮ್ಯೂಚುವಲ್ ಫಂಡ್‌ಗಳು ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಹೂಡಿಕೆ.