ಅಗೆಯದೆ ನೆಲದೊಳಗನ್ನು ಅರಿಯುವ ಬಗೆ

ಲಾಲ್‌ಬಾಗಿನ ಬಂಡೆಯನ್ನೇರಿ ಕೆಂಪೇಗೌಡರ ಗೋಪುರದ ಬಳಿ ನಿಂತವರಿಗೆ ಕಾಲಡಿಯ ಕಲ್ಲು ಯಾವುದೆಂಬ ಸಂದೇಹವಿಲ್ಲ. ಅದು ನೈಸ್ ಎಂಬ ಕಲ್ಲು. ವಯಸ್ಸು ಸುಮಾರು 300 ಕೋಟಿ ವರ್ಷ. ಅಲ್ಲಿಂದ ಇಳಿದು ದಕ್ಷಿಣಕ್ಕೆ ಜಯನಗರ, ಬನಶಂಕರಿ, ಜೆ. ಪಿ. ನಗರಗಳ ಕಡೆಗೆ ನಡೆದರೆ ಅದೇ ಕಲ್ಲು ಕೆಂಪುಮಣ್ಣಿನ ಕೆಳಗೆ ಮರೆಯಾಗುತ್ತದೆ. ಕೊಳವೆಬಾವಿ ತೋಡಿಸುವ ಗೃಹಸ್ಥರ ಕಷ್ಟ ಇಲ್ಲಿಂದ ಮೊದಲಾಗುತ್ತದೆ. ಒಂದು ನಿವೇಶನದಲ್ಲಿ ನೀರು ಸಿಕ್ಕುತ್ತದೆ. ನೂರು ಗಜ ಆಚೆಯ ನಿವೇಶನದಲ್ಲಿ ಹಣವೆಲ್ಲ ಧೂಳಾಗಿ ಮೇಲಕ್ಕೆ ಬರುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಅಗೆಯದೆಯೇ ಕಂಡುಹಿಡಿಯುವ ಬಗೆಯನ್ನು ಈ ದಿನ ವಿಚಾರ ಮಾಡೋಣ.

ನಮ್ಮ ನೈಸ್ ಬಂಡೆಯು ಗಟ್ಟಿಯಾಗಿ ಬಹುಕಾಲವಾದ ಮೇಲೆ, ಸುಮಾರು 237 ಕೋಟಿ ವರ್ಷಗಳ ಹಿಂದೆ, ಅದರಲ್ಲಿ ಬಿರುಕುಗಳು ಬಿಟ್ಟವು. ಕೆಳಗಿನಿಂದ ಕರಗಿದ ಶಿಲಾರಸವು ಅವುಗಳಲ್ಲಿ ಏರಿ ಅಲ್ಲಿಯೇ ಆರಿತು. ಹೀಗಾದ ಕಲ್ಲಿನ ಗೋಡೆಗಳಿಗೆ ಡೈಕುಗಳೆಂದು ಹೆಸರು. ಬೆಂಗಳೂರಿನ ಸುತ್ತಲೂ ಇವು ಬಹುಮಟ್ಟಿಗೆ ಪೂರ್ವಪಶ್ಚಿಮವಾಗಿ ಹಬ್ಬಿವೆ. ಅವುಗಳ ಕಲ್ಲು ಡೋಲರೈಟ್. ಕನಕಪುರದ ಕಡೆ ಇಂಥ ಕರಿಕಲ್ಲನ್ನೇ ಗಣಿಗಳಿಂದ ತೆಗೆಯುತ್ತಾರೆ. ಬಿರುಕಿಲ್ಲದ ಡೈಕು ನೀರಿಗೆ ದಾರಿ ಕೊಡುವುದಿಲ್ಲ. ಭೂಮಿಯೊಳಗೆ ಹರಿದು ಬರುವ ನೀರನ್ನು ಅದು ಅಣೆಯಂತೆ ತಡೆದರೆ, ಇಳಿಜಾರಿನ ಮೇಲುಮಗ್ಗುಲಿನಲ್ಲಿ ನೀರು ನಿಂತು, ಕೆಳಮಗ್ಗುಲು ಒಣಗಿರಬಹುದು. ಆದ್ದರಿಂದ ಗೋಡೆ ಎಲ್ಲಿದೆಯೆಂದು ತಿಳಿಯುವುದು ಪ್ರಯೋಜನಕರ.

ಈ ಗೋಡೆಯು ಎರಡು ಗುಣಗಳಿಂದ ತನ್ನನ್ನು ತೋರಿಸಿಕೊಳ್ಳುತ್ತದೆ. ನೈಸಿನ ಸಾಂದ್ರತೆ ನೀರಿನದಕ್ಕೆ ಸುಮಾರು 2.7 ಪಾಲು, ಡೋಲರೈಟಿನದು ಸುಮಾರು 3. ಆದುದರಿಂದ ಡೈಕಿನ ನೆತ್ತಿಯ ಮೇಲೆ ಗುರುತ್ವಾಕರ್ಷಣವು ಒಂದಿಷ್ಟು ಹೆಚ್ಚು. ಎರಡನೆಯದಾಗಿ, ಡೋಲರೈಟಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಹೆಚ್ಚಾಗಿರುತ್ತವೆ. ಭೂಮಿಯ ಕಾಂತಕ್ಷೇತ್ರವು ಅವನ್ನು ಸಣ್ಣ ಅಯಸ್ಕಾಂತಗಳನ್ನಾಗಿ ಮಾಡುತ್ತದೆ. ಅವು ಸುತ್ತಲಿನ ಕ್ಷೇತ್ರವನ್ನು ಕದಲಿಸುತ್ತವೆ.

ಒಂದು ಉದಾಹರಣೆಯನ್ನು ಲೆಕ್ಕ ಮಾಡಿ ನೋಡೋಣ. ಹತ್ತು ಮೀಟರು ದಪ್ಪದ ಡೈಕೊಂದು ನೆಟ್ಟಗೆ ನಿಂತು ಸುಮಾರು ಒಂದು ಕಿಲೋಮೀಟರು ಆಳಕ್ಕೆ ಇಳಿದಿದೆ. ಅದರ ನೆತ್ತಿ ಇಪ್ಪತ್ತು ಮೀಟರು ಮಣ್ಣಿನ ಕೆಳಗಿದೆ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಗುರುತ್ವವು ಹೆಚ್ಚುವುದು ಸುಮಾರು 0.15 ಮಿಲಿಗ್ಯಾಲ್. ಬೆಂಗಳೂರಿನ ಒಟ್ಟು ಗುರುತ್ವವು ಸುಮಾರು 9,78,000 ಮಿಲಿಗ್ಯಾಲ್. ಅಂದರೆ ನಾವು ಹುಡುಕುತ್ತಿರುವುದು 65 ಲಕ್ಷದಲ್ಲಿ ಒಂದು ಪಾಲು. ಬುಗ್ಗೆಯಿಂದ ತೂಗುಬಿಟ್ಟ ಸಣ್ಣ ತೂಕವೊಂದನ್ನುಳ್ಳ ಗ್ರಾವಿಮೀಟರು ಇದನ್ನು ಅಳೆಯಬಲ್ಲದು. ಕಷ್ಟವಿರುವುದು ಉಪಕರಣದಲ್ಲಿ ಅಲ್ಲ, ನೆಲದಲ್ಲಿ. ಒಂದು ಮೀಟರು ಎತ್ತರಕ್ಕೆ ಹೋದರೆ, ನಡುವಿನ ಕಲ್ಲಿನ ಸೆಳೆತವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಗುರುತ್ವವು ಸುಮಾರು 0.2 ಮಿಲಿಗ್ಯಾಲ್ ಇಳಿಯುತ್ತದೆ. ಆದುದರಿಂದ ಅಳತೆಯ ಸ್ಥಳದ ಎತ್ತರವನ್ನು ಮುಕ್ಕಾಲು ಮೀಟರು ತಪ್ಪಾಗಿ ಬರೆದುಕೊಂಡರೆ, ಇಲ್ಲದ ಡೈಕು ಉಂಟಾಗುತ್ತದೆ, ಅಥವಾ ಇರುವ ಡೈಕು ಅಳಿಸಿಹೋಗುತ್ತದೆ. ಉತ್ತರಕ್ಕೆ ಒಂದು ಕಿಲೋಮೀಟರು ಹೋದರೂ ಗುರುತ್ವವು 0.35 ಮಿಲಿಗ್ಯಾಲಿನಷ್ಟು ಹೆಚ್ಚುತ್ತದೆ. ಹೀಗಾಗಿ ಪ್ರತಿಯೊಂದು ಸ್ಥಳದ ಎತ್ತರವನ್ನೂ ಮೊದಲು ಕೆಲವೇ ಸೆಂಟಿಮೀಟರುಗಳ ತಪ್ಪಿನೊಳಗೆ ಅಳೆಯುತ್ತಾರೆ. ಬುಗ್ಗೆಯೂ ಹೊತ್ತು ಕಳೆದಂತೆ ಒಂದಿಷ್ಟು ಹಿಗ್ಗುವುದರಿಂದ, ಗಂಟೆಗೆ ಒಂದೆರಡು ಸಲ ಹೊರಟ ಸ್ಥಳಕ್ಕೇ ಹಿಂತಿರುಗಿ ಅದೇ ಅಳತೆಯನ್ನು ಮತ್ತೆ ಮಾಡುತ್ತಾರೆ.

ಇದೇ ಡೈಕನ್ನು ಕಾಂತಮಾಪಕದಿಂದ ನೋಡುವುದು ಇದಕ್ಕಿಂತ ಸುಲಭ. ಇಲ್ಲಿ ನಮ್ಮ ಊರಿನ ವಿಶೇಷವೊಂದುಂಟು. ಧ್ರುವಗಳ ಬಳಿ ಭೂಮಿಯ ಕಾಂತಕ್ಷೇತ್ರವು ನೆಟ್ಟಗೆ ನೆಲದೊಳಕ್ಕೆ ಇಳಿಯುತ್ತದೆ. ಕಾಂತೀಯ ಸಮಭಾಜಕವು ದಕ್ಷಿಣ ಭಾರತದ ತುದಿಯ ಬಳಿಯೇ ಹಾದುಹೋಗುವುದರಿಂದ, ಬೆಂಗಳೂರಿನಲ್ಲಿ ಕ್ಷೇತ್ರವು ನೆಲಕ್ಕೆ 15 ಡಿಗ್ರಿಗಿಂತಲೂ ಕಡಿಮೆ ಬಾಗಿ, ಹೆಚ್ಚುಕಡಿಮೆ ಉತ್ತರಕ್ಕೆ ಚಾಚಿಕೊಂಡಿದೆ. ಇದರಿಂದ ಎರಡು ಸಂಗತಿಗಳು ಒದಗುತ್ತವೆ. ಪೂರ್ವಪಶ್ಚಿಮದ ಡೈಕಿಗೆ ಕ್ಷೇತ್ರವು ಅಡ್ಡವಾಗಿ ಹಾಯುತ್ತದೆ. ಅದರ ಮೇಲೆ ಕ್ಷೇತ್ರವು ಹೆಚ್ಚುವ ಬದಲು ಇಳಿಯುತ್ತದೆ. ಯೂರೋಪಿನ ಪುಸ್ತಕಗಳನ್ನು ಓದಿ ಬಂದವರು ಉಬ್ಬನ್ನು ಹುಡುಕಿದರೆ ತಪ್ಪುತ್ತಾರೆ. ಎರಡನೆಯದು, ಉತ್ತರದಕ್ಷಿಣವಾಗಿ ಹರಿದ ಡೈಕಿನಲ್ಲಿ ಕ್ಷೇತ್ರವು ಅದರ ಉದ್ದಕ್ಕೇ ಸಾಗುವುದರಿಂದ, ಕ್ಷೇತ್ರವು ಪ್ರೇರಿಸಿದ ಕಾಂತತ್ವದ ಕುರುಹು ಬಹುಮಟ್ಟಿಗೆ ಕಾಣುವುದೇ ಇಲ್ಲ. ನಕ್ಷೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ನೆಲದಲ್ಲಿ ಇಲ್ಲವೆಂದಲ್ಲ.

ಇಲ್ಲಿಯ ಕ್ಷೇತ್ರದ ಬಲ ಸುಮಾರು 40,000 ನ್ಯಾನೊಟೆಸ್ಲಾ. ಸಾಧಾರಣವಾದ ಕಾಂತಗುಣವುಳ್ಳ ನಮ್ಮ ಡೈಕಿನ ಮೇಲೆ ಅದು ನೂರರಷ್ಟು ಇಳಿಯಬಹುದು. ಆದರೆ ಸೂರ್ಯನ ಪ್ರಭಾವದಿಂದ ಅದೇ ಕ್ಷೇತ್ರವು ಹಗಲಿನಲ್ಲಿ ಹತ್ತಾರು ನ್ಯಾನೊಟೆಸ್ಲಾ ಏರಿಳಿಯುತ್ತದೆ. ಆದುದರಿಂದ ಒಂದು ಮಾಪಕವನ್ನು ಒಂದೇ ಕಡೆ ನಿಲ್ಲಿಸಿ ಇಡೀ ದಿನ ಓದಿಸಿ, ನಡೆಯುವ ಮಾಪಕದ ಅಂಕಗಳಿಂದ ಅದರ ಏರಿಳಿತವನ್ನು ಕಳೆಯಬೇಕು. ಬಯಲಿನಲ್ಲಿ ದಕ್ಷಿಣೋತ್ತರವಾಗಿ, ಐದೈದು ಮೀಟರಿಗೆ ಒಂದು ಸಲ ಅಳೆಯುತ್ತ ನಡೆಯಬೇಕು. ನಡೆಯುವವರ ಜೇಬಿನಲ್ಲಿ ಬೀಗದ ಕೈಯಾಗಲಿ ಚಾಕುವಾಗಲಿ ಇರಕೂಡದು.

ಹೀಗೆ ದೊರೆತ ಅಂಕಗಳನ್ನು ಗೆರೆಯಾಗಿ ಎಳೆದರೆ ಡೈಕಿನ ಮೇಲೆ ಒಂದು ಕಣಿವೆ ಮೂಡುತ್ತದೆ. ಕಣಿವೆಯ ಅರ್ಧ ಆಳದಲ್ಲಿ ಅದರ ಅಗಲವನ್ನು ಅಳೆಯಿರಿ. ಡೈಕು ತೆಳುವಾಗಿ ನೆಟ್ಟಗಿದ್ದು, ಕಣಿವೆಯ ಎರಡು ಮಗ್ಗುಲೂ ಒಂದೇ ತೆರನಾಗಿದ್ದರೆ, ಆ ಅಗಲದ ಅರ್ಧವೇ ನೆತ್ತಿಯ ಆಳ. ನಮ್ಮ ಉದಾಹರಣೆಯಲ್ಲಿ ಅಗಲವು ಸುಮಾರು ನಲವತ್ತು ಮೀಟರು, ಆಳ ಇಪ್ಪತ್ತು. ಹೂತ ಕಬ್ಬಿಣದ ಕೊಳಾಯಿಯೂ ಕ್ಷೇತ್ರವನ್ನು ಕದಲಿಸುತ್ತದೆ. ಆದರೆ ಅದು ಒಂದೆರಡು ಮೀಟರು ಆಳದಲ್ಲಿರುವುದರಿಂದ ಅದರ ಕುರುಹು ಸೂಜಿಯಂತೆ ಕಿರಿದು. ಗುರುತ್ವದ ಗೆರೆಯಲ್ಲಿ ಅದು ಕಾಣುವುದೂ ಇಲ್ಲ. ಜಯನಗರದ ಬೀದಿಗಳಲ್ಲಿ ಇಂಥ ಕೊಳಾಯಿ, ತಂತಿ, ಮೋಟಾರುಗಳು ಹೆಚ್ಚಾಗಿರುವುದರಿಂದ, ಈ ಕೆಲಸವನ್ನು ಊರ ಹೊರಗಿನ ಬಯಲಿನಲ್ಲಿ ಮಾಡಿ, ಅಲ್ಲಿ ಕಂಡ ಡೈಕಿನ ದಿಕ್ಕನ್ನು ಹಿಡಿದು ಊರೊಳಕ್ಕೆ ಎಣಿಸುವುದೇ ಮೇಲು.

ಕಣಿವೆಯ ಒಂದು ಮಗ್ಗುಲಿನಲ್ಲಿ ಉಬ್ಬು ಎದ್ದರೆ ಎಚ್ಚರಿಕೆ ಬೇಕು. ಡೈಕು ವಾರೆಯಾಗಿರಬಹುದು, ಅಥವಾ ಹಳೆಯ ಕಾಂತತ್ವವು ಅದರಲ್ಲಿ ಉಳಿದಿರಬಹುದು. ಶಿಲಾರಸವು ಆರುವಾಗ ಆ ಕಾಲದ ಕ್ಷೇತ್ರದ ದಿಕ್ಕನ್ನೇ ಕಣಗಳು ಹಿಡಿದಿಟ್ಟುಕೊಳ್ಳುತ್ತವೆ. 237 ಕೋಟಿ ವರ್ಷಗಳ ಹಿಂದೆ ಈ ಭೂಭಾಗವು ಧ್ರುವಕ್ಕೆ ಸಮೀಪವಾಗಿದ್ದುದರಿಂದ, ನಮ್ಮ ಡೈಕುಗಳಲ್ಲಿ ಉಳಿದ ದಿಕ್ಕು ಬಹಳ ಕಡಿದಾಗಿದೆ. ಇಂಥ ಕಡೆ ಮೇಲಿನ ಸುಲಭ ಸೂತ್ರ ನಡೆಯದು. ಕಲ್ಲಿನ ತುಂಡನ್ನು ಪ್ರಯೋಗಶಾಲೆಯಲ್ಲಿ ಅಳೆದು ಲೆಕ್ಕವನ್ನು ತಿದ್ದಬೇಕು.

ಕೊನೆಗೆ ಒಂದು ಮಿತಿಯನ್ನು ಹೇಳಲೇಬೇಕು. ಮೇಲ್ಮೈಯ ಒಂದೇ ಗುರುತ್ವದ ಗೆರೆಯನ್ನು ಆಳದ ಕಿರಿದಾದ ರಾಶಿಯೂ ಕೊಡಬಲ್ಲದು, ಮೇಲಿನ ಅಗಲವಾದ ತೆಳು ರಾಶಿಯೂ ಕೊಡಬಲ್ಲದು. ಗಣಿತವು ಇವೆರಡರಲ್ಲಿ ಯಾವುದು ನಿಜವೆಂದು ನಿರ್ಣಯಿಸಲಾರದು. ಹತ್ತಿರದ ಗಣಿಯಲ್ಲಿ ಕಂಡ ಡೈಕಿನ ದಪ್ಪ, ಕಲ್ಲಿನ ಸಾಂದ್ರತೆ, ಕಾಂತದ ಗೆರೆ ಇವುಗಳ ಸಾಕ್ಷ್ಯವೂ ಕೂಡಿದಾಗ ಮಾತ್ರ ಒಂದು ಉತ್ತರ ನಿಲ್ಲುತ್ತದೆ. ಆಗಲೂ ತಿಳಿಯುವುದು ಗೋಡೆಯ ಸ್ಥಳ. ಅದರ ಪಕ್ಕದಲ್ಲಿ ನೀರಿದೆಯೇ ಎಂಬುದಲ್ಲ. ಡೈಕೇ ಒಡೆದಿದ್ದರೆ ಅದರ ಅಂಚಿನ ಬಿರುಕುಗಳಲ್ಲಿ ನೀರು ಸಾಗಿಹೋಗಿರಲೂಬಹುದು. ಅದನ್ನು ತಿಳಿಯಲು ತೋಡಲೇಬೇಕು. ಆದರೆ ಮೊದಲ ಬಾವಿಯನ್ನು ಗೋಡೆಯ ಯಾವ ಮಗ್ಗುಲಿನಲ್ಲಿ ತೋಡಬೇಕೆಂಬುದು ಅಷ್ಟರಲ್ಲಿ ನಮಗೆ ಗೊತ್ತಾಗಿರುತ್ತದೆ.