‘ನಮ್ಮಕ್ಕನ ಗಂಡನ್ನ ನೋಡ್ರಿ’ ಅನ್ನೋ ಮಾತು ಯಾವಾಗ ಜಗಳ, ಯಾವಾಗ ಕ್ರೌರ್ಯ? ಕೋರ್ಟ್ ಏನು ಹೇಳಿದೆ, ಇಲ್ಲಿದೆ ವಿವರ

ತುಳಸಿಗೇರಿ: ‘ಅವರ ಮನಿಯಾಕಿ ನೋಡು ಹ್ಯಾಂಗ್ ಅದಾಳ’, ‘ನಮ್ಮಕ್ಕನ ಗಂಡ ಎರಡ ಅಂತಸ್ತಿನ ಮನಿ ಕಟ್ಟಿಸಿದ, ನೀವೇನ್ ಮಾಡೀರಿ?’ ಇಂಥ ಮಾತು ಕೇಳದ ಮನೆ ನಮ್ಮ ಕಡೆ ಇಲ್ಲ. ಬಹಳಷ್ಟು ಮಂದಿ ಇದನ್ನ ಗಂಡ-ಹೆಂಡಿರ ಜಗಳ ಅಂತ ಬಿಟ್ಟುಬಿಡ್ತಾರೆ. ಆದರೆ ಗಂಡ ದಿನಾ ಬೇರೆ ಹೆಂಗಸರ ಜೊತೆ ಹೋಲಿಸಿ ಹೆಂಡತಿಯನ್ನು ಚುಚ್ಚುವುದು ಮಾನಸಿಕ ಕ್ರೌರ್ಯ ಎಂದು ಕೇರಳ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ.

ಆ ಕೇಸಿನಲ್ಲಿ ಮದುವೆ ಆಗಿದ್ದು 2009ರಲ್ಲಿ. ದಂಪತಿ ಒಟ್ಟಿಗೆ ಇದ್ದಿದ್ದು ಬಹಳ ಕಡಿಮೆ ದಿನ. ‘ನಾನು ಅಂದುಕೊಂಡಂಥ ಹೆಂಡತಿ ನೀನಲ್ಲ’ ಎಂದು ಗಂಡ ಪದೇ ಪದೇ ಹೇಳುತ್ತಿದ್ದ, ರೂಪದ ಬಗ್ಗೆ ಬೇರೆಯವರ ಜೊತೆ ಹೋಲಿಸುತ್ತಿದ್ದ ಎಂಬುದು ಹೆಂಡತಿಯ ದೂರು. ಇಂಥ ಮಾತನ್ನು ಹೆಂಡತಿ ಸಹಿಸಿಕೊಂಡು ಇರಬೇಕೆಂದು ನಿರೀಕ್ಷಿಸಲು ಆಗುವುದಿಲ್ಲ ಎಂದ ಕೋರ್ಟ್, ಮದುವೆ ರದ್ದತಿಯನ್ನು ಎತ್ತಿಹಿಡಿಯಿತು. ಕ್ರೌರ್ಯ ಅಂದರೆ ಕೈ ಎತ್ತುವುದಷ್ಟೇ ಅಲ್ಲ ಅನ್ನೋದು ಇಲ್ಲಿ ಸ್ಪಷ್ಟ.

ಗಂಡಸರಿಗೂ ಅನ್ವಯ

ಇದು ಹೆಂಗಸರ ಪರವಾದ ಮಾತು ಮಾತ್ರ ಅಂತ ತಿಳಕೊಬ್ಯಾಡ್ರಿ. 2023ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಬ್ಬ ಗಂಡನಿಗೆ ವಿಚ್ಛೇದನ ಕೊಟ್ಟಿತು. 2007ರಲ್ಲಿ ಮದುವೆಯಾಗಿದ್ದ ಅವರು 2012ರಲ್ಲಿ ಕೋರ್ಟ್ ಮೆಟ್ಟಿಲೇರಿದ್ದರು. ‘ಕಪ್ಪಗಿದ್ದೀಯ’ ಎಂದು ಹೆಂಡತಿ ಹೀಯಾಳಿಸುತ್ತಾರೆ, ಮಗಳಿಗಾಗಿ ಸಹಿಸಿಕೊಂಡು ಬಂದೆ ಎಂಬುದು ಅವರ ವಾದ. ಕೌಟುಂಬಿಕ ನ್ಯಾಯಾಲಯ ಒಪ್ಪಿರಲಿಲ್ಲ, ಹೈಕೋರ್ಟ್ ಒಪ್ಪಿತು. ಅದು ನೇರವಾಗಿ ಹೋಲಿಕೆಯ ಕೇಸ್ ಅಲ್ಲ. ಗಂಡನಿಗೆ ಬೇರೆ ಹೆಣ್ಣಿನ ಸಂಬಂಧ ಇದೆ ಎಂಬ ಆಧಾರವಿಲ್ಲದ ಆರೋಪವನ್ನೂ ಕೋರ್ಟ್ ಲೆಕ್ಕಕ್ಕೆ ತಗೊಂಡಿತ್ತು. ಆದರೂ ಎರಡೂ ಕೇಸಿನಲ್ಲಿ ಒಂದು ವಿಷಯ ಸಮ ಇದೆ: ಮನುಷ್ಯ ಬದಲಾಯಿಸಿಕೊಳ್ಳಲು ಆಗದ ಮೈಬಣ್ಣ, ರೂಪದ ಬಗ್ಗೆ ಮತ್ತೆ ಮತ್ತೆ ಚುಚ್ಚಿದ್ದು.

ಎಲ್ಲ ಹೋಲಿಕೆಯೂ ಕ್ರೌರ್ಯ ಅಲ್ಲ

2007ರಲ್ಲಿ ಸುಪ್ರೀಂ ಕೋರ್ಟ್ ಸಮರ್ ಘೋಷ್ ಕೇಸಿನಲ್ಲಿ ಇದಕ್ಕೊಂದು ಗೆರೆ ಎಳೆದಿದೆ. ಸಂಸಾರದಲ್ಲಿ ದಿನಾ ನಡೆಯುವ ಸಣ್ಣಪುಟ್ಟ ಕಿರಿಕಿರಿ, ಜಗಳ ವಿಚ್ಛೇದನಕ್ಕೆ ಸಾಲದು. ಒಂದೆರಡು ಘಟನೆ ಹೆಕ್ಕಿ ತೋರಿಸಿದರೆ ಆಗಲ್ಲ, ಇಡೀ ಸಂಸಾರ ಹೇಗೆ ನಡೆದಿದೆ ಅಂತ ನೋಡಬೇಕು. ಕೆಟ್ಟ ನಡತೆ ಬಹಳ ಕಾಲ ಮುಂದುವರಿದು, ಇನ್ನು ಒಟ್ಟಿಗೆ ಇರಲು ಆಗಲ್ಲ ಅನ್ನುವ ಮಟ್ಟಕ್ಕೆ ಹೋಗಿರಬೇಕು.

ಕ್ರಿಮಿನಲ್ ಕೇಸಿನಲ್ಲಿ ಈ ಗೆರೆ ಇನ್ನೂ ಮೇಲಿದೆ. ‘ಬಟ್ಟೆ ಸರಿ ಹಾಕಲ್ಲ, ಅಡುಗೆ ಸರಿ ಮಾಡಲ್ಲ’ ಎಂಬ ಮಾತುಗಳನ್ನು 498ಎ ಅಡಿ ಗಂಭೀರ ಕ್ರೌರ್ಯ ಎನ್ನಲಾಗದು ಎಂದು 2025ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. (498ಎ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಇದೆ.) ಅಂದರೆ ವಿಚ್ಛೇದನಕ್ಕೆ ಸಾಕಾಗುವ ಮಾತು ಗಂಡನನ್ನ ಜೈಲಿಗೆ ಕಳಿಸಲು ಸಾಕಾಗದೇ ಇರಬಹುದು. ಸಿಟ್ಟಿನಲ್ಲಿ ಸೀದಾ ಸ್ಟೇಷನ್‌ಗೆ ಹೋಗಿ ದೂರು ಕೊಡುವವರು ಇದನ್ನ ಮೊದಲು ತಿಳಿದಿರಬೇಕು.

ಒಂದು ಉದಾಹರಣೆ ನೋಡೋಣ

ಊರಲ್ಲಿ ಕಿರಾಣಿ ಅಂಗಡಿ ಇರೋ ಒಂದು ಜೋಡಿ ಅಂತ ಇಟ್ಕೊಳ್ರಿ. ಹೆಂಡತಿಯ ಅಕ್ಕನ ಗಂಡನಿಗೆ ಬಾಗಲಕೋಟೆ ನವನಗರದಲ್ಲಿ ಸ್ವಂತ ಮನೆ ಇದೆ. ಜೂನ್‌ನಲ್ಲಿ ಮಗನ ಶಾಲೆ ಫೀ ಕಟ್ಟುವಾಗ ಆಕೆ ಅಂತಾಳೆ, ‘ನಮ್ಮಕ್ಕನ ಗಂಡ ಫೀ ಒಮ್ಮೆಲೆ ಕಟ್ಟಿದ್ರು. ನೀವು ಯಾವಾಗ ಕಟ್ಟತೀರಿ?’ ಈ ಮಾತಿನೊಳಗೆ ಒಂದು ಬೇಡಿಕೆ ಇದೆ, ಫೀ ಕಟ್ಟಬೇಕು. ಉದ್ರಿ ಬಾಕಿ ಎಷ್ಟಿದೆ, ಯಾವ ವಾರ ಎಷ್ಟು ವಸೂಲಿ ಆಗ್ತದೆ ಅಂತ ಗಂಡ ಖಾತೆ ಪುಸ್ತಕ ತೆಗೆದು ತೋರಿಸಿದರೆ ಅಕ್ಕನ ಗಂಡನ ಮಾತು ಅಲ್ಲಿಗೇ ನಿಲ್ಲಬಹುದು. ಇದನ್ನ ಯಾವ ಕೋರ್ಟೂ ಕ್ರೌರ್ಯ ಅನ್ನಲ್ಲ.

ಆದರೆ ಗಂಡ ಲೆಕ್ಕ ತೋರಿಸೋ ಬದಲು ತಿರುಗಿಸಿ ಅಂತಾನೆ, ‘ನಮ್ಮಣ್ಣನ ಹೇಂತಿನ ನೋಡು, ಬೆಳ್ಳಗ ಚಂದ ಅದಾಳ. ನಿನ್ನ ಕಟ್ಕೊಂಡು ನಾ ಕೆಟ್ಟೆ.’ ಇದರಲ್ಲಿ ಬೇಡಿಕೆ ಏನೂ ಇಲ್ಲ. ಆಕೆ ಏನು ಮಾಡಿದರೂ ಇದಕ್ಕೆ ಉತ್ತರ ಕೊಡಲು ಆಗಲ್ಲ. ಮುಂದೆ ಶನಿವಾರ ಹನಮಪ್ಪನ ಗುಡಿಗೆ ಬಂದ ಮಂದಿ ಅಂಗಡಿಯಲ್ಲಿ ನಿಂತಿರುವಾಗಲೇ ಅದೇ ಮಾತು. ಆಮೇಲೆ ಹಬ್ಬಕ್ಕೆ ನೆಂಟರು ಬಂದಾಗಲೂ ಅದೇ. ಆರು ತಿಂಗಳು, ವರ್ಷ ಹೀಗೇ ನಡೆದು, ಆಕೆ ಊಟ-ನಿದ್ದೆ ಬಿಟ್ಟು ತವರಿಗೆ ಹೋಗಿ ಕೂತರೆ, ಕೇರಳದ ತೀರ್ಪು ಹೇಳುವ ಜಾಗಕ್ಕೆ ಸಂಸಾರ ಹತ್ತಿರ ಬಂದಿದೆ ಅಂತ ಅರ್ಥ.

ಹಾಗಾಗಿ ನೋಡಬೇಕಾದ್ದು ಮೂರು. ಮಾತು ಮಾಡಿದ ಕೆಲಸದ ಬಗ್ಗೆ ಇದೆಯೋ, ಮನುಷ್ಯನ ಬಗ್ಗೆ ಇದೆಯೋ. ಒಮ್ಮೆ ಬಂದಿದ್ದೋ, ‘ನನಗೆ ನೋವಾಗ್ತದೆ’ ಅಂದ ಮೇಲೂ ನಡೆದಿದೆಯೋ. ನಾಲ್ಕು ಗೋಡೆ ಒಳಗಿದೆಯೋ, ಮಂದಿ ಎದುರು ಬರ್ತಿದೆಯೋ. ಇಬ್ಬರೂ ಒಬ್ಬರಿಗೊಬ್ಬರು ಹೀಗೇ ಚುಚ್ಚುತ್ತಿದ್ದರೆ ಕೋರ್ಟ್ ಇಬ್ಬರ ನಡತೆಯನ್ನೂ ತೂಗುತ್ತದೆ ಅನ್ನೋದನ್ನ ಮರೆಯಬ್ಯಾಡ್ರಿ.

ಏನು ಮಾಡಬೇಕು?

ಮೊದಲು ಸಿಟ್ಟು ಇಳಿದ ಮೇಲೆ, ಮಂದಿ ಇಲ್ಲದಾಗ ಒಂದೇ ಮಾತು ನೇರವಾಗಿ ಹೇಳಿ: ‘ಏನ್ ಆಗಬೇಕು ಅದನ್ನ ಹೇಳು, ಇನ್ನೊಬ್ಬರ ಹೆಸರು ತರಬ್ಯಾಡ.’ ಬೇಡಿಕೆ ಇದ್ದವರು ಅದನ್ನ ಹೇಳ್ತಾರೆ. ಬೇಡಿಕೆಯೇ ಇಲ್ಲದೆ ಬರೀ ಹೀಯಾಳಿಸೋದೇ ಮುಂದುವರಿದರೆ ದಿನಾಂಕ, ಜಾಗ, ಆಡಿದ ಮಾತು, ಎದುರಿಗೆ ಯಾರಿದ್ದರು ಎಂಬುದನ್ನ ನೋಟ್‌ಬುಕ್‌ನಲ್ಲಿ ಬರೆದಿಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಮೆಸೇಜ್ ಸಿಟ್ಟಿನಲ್ಲಿ ಡಿಲೀಟ್ ಮಾಡಬ್ಯಾಡ್ರಿ. ವರ್ಷದ ನಂತರ ‘ಯಾವಾಗಲೂ ಬೈತಿದ್ರು’ ಅಂತ ಮಾತ್ರ ಹೇಳಿದರೆ ಕೋರ್ಟಿನಲ್ಲಿ ನಿಲ್ಲೋದು ಕಷ್ಟ.

ಹೆಂಗಸರಿಗೆ ವಿಚ್ಛೇದನ ಬೇಡ, ಈ ಕಾಟ ನಿಂತರೆ ಸಾಕು ಅಂದರೂ ದಾರಿ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಮಾನ, ಗೇಲಿ, ಹೀಯಾಳಿಕೆಯೂ ದೌರ್ಜನ್ಯವೇ. ಮಕ್ಕಳಿಲ್ಲ, ಗಂಡು ಹುಟ್ಟಲಿಲ್ಲ ಎಂದು ಹಂಗಿಸುವುದನ್ನಂತೂ ಕಾಯ್ದೆ ಹೆಸರಿಟ್ಟೇ ಹೇಳಿದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ ಅವರೇ ತಾಲೂಕಿನಲ್ಲಿ ಸಂರಕ್ಷಣಾಧಿಕಾರಿ. ಅವರು ವರದಿ ತಯಾರಿಸಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ. ಸಹಾಯವಾಣಿ 181. ಈ ಕಾಯ್ದೆಯಡಿ ಗಂಡ ಅರ್ಜಿ ಹಾಕಲು ಬರುವುದಿಲ್ಲ.

ಹಿಂದೂ ವಿವಾಹ ಕಾಯ್ದೆಯಡಿ ಕ್ರೌರ್ಯದ ಕಾರಣಕ್ಕೆ ಗಂಡ-ಹೆಂಡತಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು. ಸಾಮಾನ್ಯವಾಗಿ ಮದುವೆಯಾಗಿ ಒಂದು ವರ್ಷ ತುಂಬಿರಬೇಕು. ಕೋರ್ಟ್ ಮೊದಲು ರಾಜಿಗೆ ಪ್ರಯತ್ನ ಮಾಡಿಸುತ್ತದೆ. ವಕೀಲರ ಫೀ ಚಿಂತೆ ಇದ್ದರೆ ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಗಂಡಸರಿಗೆ ಸಾಮಾನ್ಯವಾಗಿ ಆದಾಯ ಮಿತಿ ಇದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದೂ ಇಲ್ಲ.